ವೇರಿಯಬಲ್ ಪೇ ಲೆಕ್ಕದಲ್ಲಿ ನಾನು ಎಡವಿದ ಜಾಗಗಳು

ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಯೊಂದರಲ್ಲಿ ಸಂಬಳದ ಲೆಕ್ಕ ನೋಡುವ ವಿಭಾಗ ನನ್ನದು. ಎಚ್‌ಆರ್ ಅಂದ ಕೂಡಲೇ ಜನ ರಂಗೋಲಿ ಸ್ಪರ್ಧೆ, ಹುಟ್ಟುಹಬ್ಬದ ಕೇಕು ಅಂದುಕೊಳ್ಳುತ್ತಾರೆ. ನಮ್ಮ ಮೂಲೆಯಲ್ಲಿ ಅದೇನೂ ಇಲ್ಲ, ಶೀಟುಗಳಷ್ಟೇ. ಮಾರ್ಚ್ ಮುಗಿದು ಜೂನ್ ಸಂಬಳ ಬೀಳುವವರೆಗೆ ನಮಗೆ ಬೇರೆ ಕೆಲಸವೂ ಇರುವುದಿಲ್ಲ. ಕಂಪನಿಯ ಫಲಿತಾಂಶ, ತಂಡದ ಟಾರ್ಗೆಟ್, ಪ್ರತಿಯೊಬ್ಬರ ರೇಟಿಂಗ್ ಈ ಮೂರನ್ನೂ ಜೋಡಿಸಿ ಎಲ್ಲರ ವೇರಿಯಬಲ್ ಪೇ ತೆಗೆಯಬೇಕು.

ಇಷ್ಟು ವರ್ಷದಲ್ಲಿ ಕಲಿತದ್ದಕ್ಕಿಂತ ಬೈಸಿಕೊಂಡದ್ದೇ ಜಾಸ್ತಿ. ಕೆಳಗೆ ಒಬ್ಬ ಸೀನಿಯರ್ ಇಂಜಿನಿಯರ್‌ನ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿಟ್ಟಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ನಾನೇ ಜೋಡಿಸಿಕೊಂಡದ್ದು. ಕ್ರಮ ಮಾತ್ರ ನಾವು ಮಾಡುವ ಹಾಗೆಯೇ ಇದೆ. ಕಂಪನಿಯಿಂದ ಕಂಪನಿಗೆ ಪ್ರಮಾಣಗಳು ಬೇರೆ ಇರುತ್ತವೆ, ಕೆಲವು ಕಡೆ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಇಲ್ಲಿ ಹೇಳುತ್ತಿರುವುದು ವರ್ಷಕ್ಕೊಮ್ಮೆ ಕೊಡುವ ಬಗೆಯದು.

1. ‘ಶೇ. 15’ ಅಂದರೆ ಯಾವುದರ ಶೇ. 15 ಎಂದು ಮೊದಲು ಕೇಳಬೇಕು

ನಮ್ಮ ಇಂಜಿನಿಯರ್‌ನ ಸಿಟಿಸಿ 20 ಲಕ್ಷ. ಆಫರ್ ಲೆಟರ್‌ನಲ್ಲಿ ವೇರಿಯಬಲ್ ಶೇ. 15 ಎಂದಿದೆ. ಸಿಟಿಸಿಯ ಮೇಲೆ ತೆಗೆದರೆ 3 ಲಕ್ಷ, ಉಳಿದ 17 ಲಕ್ಷ ಫಿಕ್ಸೆಡ್. ಆದರೆ ಅದೇ ಶೇ. 15 ಅನ್ನು ಫಿಕ್ಸೆಡ್ 17 ಲಕ್ಷದ ಮೇಲೆ ತೆಗೆದರೆ ಬರುವುದು 2,55,000. ವ್ಯತ್ಯಾಸ 45,000 ರೂಪಾಯಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಇಡೀ ವಿಭಾಗಕ್ಕೆ ನಾನು ಎರಡನೆಯ ರೀತಿಯಲ್ಲಿ ಲೆಕ್ಕ ಹಾಕಿ ಕಳಿಸಿಬಿಟ್ಟಿದ್ದೆ. ಹಳೇ ಕಂಪನಿಯಲ್ಲಿ ಫಿಕ್ಸೆಡ್ ಮೇಲೆಯೇ ತೆಗೆಯುವ ರೂಢಿ ಇತ್ತು, ಕೈ ಅದಕ್ಕೇ ಒಗ್ಗಿಹೋಗಿತ್ತು. ಫೈನಾನ್ಸಿನವರಿಗೆ ಖುಷಿಯಾಯಿತು, ಬಜೆಟ್ ಉಳಿಯಿತಲ್ಲ! ಅವರಿಗೆ ಅನುಮಾನವೇ ಬರಲಿಲ್ಲ. ವೇರಿಯಬಲ್ ಪತ್ರ ಕೈಗೆ ಸಿಕ್ಕ ದಿನ ಒಬ್ಬ ಹುಡುಗ ತನ್ನ ಆಫರ್ ಲೆಟರ್ ಹಿಡಿದುಕೊಂಡು ಬಂದು, ‘ಮೇಡಂ, ಇದೊಂದು ಸಾಲು ಓದಿ’ ಅಂದ. ಓದಿದೆ. ಆಮೇಲೆ ಎಲ್ಲರ ಪತ್ರವನ್ನೂ ವಾಪಸ್ ತರಿಸಿಕೊಂಡೆ.

ಅದಾದ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ವರ್ಷದ ನಡುವೆ ಸಂಬಳ ಏರಿದ್ದರೆ ಯಾವ ಸಂಬಳ ಹಿಡಿಯಬೇಕು? ಇದೇ ಇಂಜಿನಿಯರ್ ಸೆಪ್ಟೆಂಬರ್‌ವರೆಗೆ 16 ಲಕ್ಷದಲ್ಲಿದ್ದು ಅಕ್ಟೋಬರ್‌ನಿಂದ 20 ಲಕ್ಷಕ್ಕೆ ಬಂದಿದ್ದರೆ, ಮಾರ್ಚ್ 31ರ ಸಂಬಳ ಹಿಡಿಯುವ ಕಂಪನಿಯಲ್ಲಿ ಅವನ ಟಾರ್ಗೆಟ್ 3 ಲಕ್ಷ. ಎರಡು ಅವಧಿಗೂ ಬೇರೆ ಬೇರೆ ತೆಗೆಯುವ ಕಂಪನಿಯಲ್ಲಿ ಮೊದಲರ್ಧಕ್ಕೆ 1.2 ಲಕ್ಷ, ಎರಡನೆಯ ಅರ್ಧಕ್ಕೆ 1.5 ಲಕ್ಷ, ಒಟ್ಟು 2.7 ಲಕ್ಷ. ಎರಡೂ ಸರಿಯೇ. ಪಾಲಿಸಿಯಲ್ಲಿ ಬರೆದಿರಬೇಕು, ಅಷ್ಟೇ.

ಈ ಮೊತ್ತವನ್ನು ಕಾನೂನು ಹೇಳುವ ಬೋನಸ್ ಜೊತೆ ಬೆರೆಸುವವರೂ ಇದ್ದಾರೆ. ಅದು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ, ಕನಿಷ್ಠ ಶೇ. 8.33, ಹೆಚ್ಚೆಂದರೆ ಶೇ. 20. ಅದನ್ನು ಕೊಡಲೇಬೇಕು. ನಾವು ಮಾತಾಡುತ್ತಿರುವ ದುಡ್ಡು ಒಪ್ಪಂದದ್ದು, ಪಾಲಿಸಿಯ ಷರತ್ತಿಗೆ ಕಟ್ಟುಬಿದ್ದದ್ದು. ಸಿಟಿಸಿಯೊಳಗೆ ಸೇರಿಸಿ ತೋರಿಸಿದ ಮಾತ್ರಕ್ಕೆ ಅದು ಖಾತ್ರಿ ಸಂಬಳ ಆಗುವುದಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವಾಗ ನಮ್ಮವರು ಈ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ ಎಂಬುದೂ ನಿಜ.

2. ಕಂಪನಿ ಶೇ. 96 ಮುಟ್ಟಿದರೆ ದುಡ್ಡು ಶೇ. 96 ಬರುವುದಿಲ್ಲ

ಇದು ನನಗೇ ಅರ್ಥವಾಗಲು ಒಂದು ಇಡೀ ವರ್ಷ ಬೇಕಾಯಿತು. ಕಂಪನಿಯ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ಅಳತೆ: ಆದಾಯ ಮತ್ತು ಆಪರೇಟಿಂಗ್ ಮಾರ್ಜಿನ್. ಪ್ರತಿಯೊಂದಕ್ಕೂ ಕೆಳಗೊಂದು ಮಿತಿ, ನಡುವೆ ಟಾರ್ಗೆಟ್, ಮೇಲೊಂದು ಮಿತಿ. ನಮ್ಮ ಉದಾಹರಣೆಯ ಕಂಪನಿಯ ಆದಾಯದ ಟಾರ್ಗೆಟ್ 1,000 ಕೋಟಿ. ಶೇ. 90 ಮುಟ್ಟಿದರೆ 50 ಅಂಕ, ಶೇ. 100ಕ್ಕೆ 100 ಅಂಕ, ಶೇ. 110ಕ್ಕೆ 150 ಅಂಕ, ಅದರಾಚೆಗೆ ಏರುವುದಿಲ್ಲ. ನಡುವಿನದ್ದಕ್ಕೆ ನೇರ ಗೆರೆ ಎಳೆದು ನೋಡುತ್ತೇವೆ. ಅಂದರೆ ಆದಾಯ ಶೇ. 1 ಜಾರಿದರೆ ಅಂಕ 5 ಜಾರುತ್ತದೆ. ಬಂದದ್ದು 960 ಕೋಟಿ, ಅಂದರೆ ಶೇ. 96. ಅಂಕ 80.

ಮಾರ್ಜಿನ್ ಟಾರ್ಗೆಟ್ ಶೇ. 18, ಕೆಳಮಿತಿ ಶೇ. 16, ಅಲ್ಲಿಯೂ 50 ಅಂಕದಿಂದ ಶುರು. ಬಂದದ್ದು ಶೇ. 17, ಹಾಗಾಗಿ 75 ಅಂಕ. ಆದಾಯಕ್ಕೆ ಶೇ. 60 ತೂಕ, ಮಾರ್ಜಿನ್‌ಗೆ ಶೇ. 40. 80ರಲ್ಲಿ 48, 75ರಲ್ಲಿ 30, ಒಟ್ಟು 78. ಕಂಪನಿಯ ಗುಣಕ 0.78.

ಟೌನ್‌ಹಾಲ್ ಸಭೆಯಲ್ಲಿ ದೊಡ್ಡವರು ‘ಟಾರ್ಗೆಟ್‌ನ ಶೇ. 96 ಮುಟ್ಟಿದ್ದೇವೆ’ ಎಂದು ಚಪ್ಪಾಳೆ ಗಿಟ್ಟಿಸಿಕೊಂಡು ಹೋಗುತ್ತಾರೆ. ಎರಡು ವಾರದ ನಂತರ ಪತ್ರದಲ್ಲಿ 0.78 ನೋಡಿದವರು ನಮ್ಮ ಮೇಜಿಗೆ ಬರುತ್ತಾರೆ. ಒಂದು ವರ್ಷ ನಾನು ಅವರಿಗೆ ಗ್ರಾಫ್ ಬಿಡಿಸಿ ತೋರಿಸುವ ಬದಲು ‘ಅದು ಫೈನಾನ್ಸ್ ಕೊಟ್ಟ ಸಂಖ್ಯೆ’ ಎಂದು ಕೈ ತೊಳೆದುಕೊಂಡೆ. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ ಅನ್ನುವುದು ಸತ್ಯ. ಕೆಳಮಿತಿಯ ಹತ್ತಿರ ಇದು ಇನ್ನೂ ಕಟುವಾಗಿರುತ್ತದೆ. ಶೇ. 90 ಮುಟ್ಟಿದರೆ 50 ಅಂಕ, ಶೇ. 89.9 ಆದರೆ ಸೊನ್ನೆ. ಮಾರ್ಚ್ ಕೊನೆಯ ವಾರದಲ್ಲಿ ಬಿಲ್ಲಿಂಗ್ ವಿಭಾಗದ ದೀಪ ರಾತ್ರಿ ಆರದೇ ಇರುವುದಕ್ಕೆ ಇದೂ ಒಂದು ಕಾರಣ.

ಆದಾಯವನ್ನು ಯಾವ ವಿನಿಮಯ ದರದಲ್ಲಿ ಅಳೆಯುತ್ತಾರೆ ಎಂಬುದನ್ನೂ ನೋಡಬೇಕು. ನಮ್ಮಂಥ ಕಂಪನಿಗಳ ಗಳಿಕೆ ಹೆಚ್ಚಾಗಿ ಡಾಲರ್‌ನಲ್ಲಿ. ರೂಪಾಯಿ ಕುಸಿದರೆ ರೂಪಾಯಿ ಲೆಕ್ಕದ ಆದಾಯ ತಾನಾಗಿಯೇ ಉಬ್ಬುತ್ತದೆ. ಆ ಉಬ್ಬನ್ನು ತೆಗೆಯಲು ವರ್ಷದ ಆರಂಭದ ದರವನ್ನೇ ಹಿಡಿದು ಅಳೆಯುವವರು ಇದ್ದಾರೆ. ಅಂಥ ಕಡೆ ಪತ್ರಿಕೆಯಲ್ಲಿ ಬಂದ ಆದಾಯವನ್ನು ನೋಡಿ ಮನೆಯಲ್ಲಿ ಲೆಕ್ಕ ಹಾಕಿದವರಿಗೆ ಉತ್ತರ ಹೊಂದುವುದಿಲ್ಲ.

ಮಾರ್ಜಿನ್ ಒತ್ತಡ ನೇರವಾಗಿ ಈ ದುಡ್ಡಿಗೇ ತಟ್ಟುತ್ತದೆ ಎಂಬುದಕ್ಕೆ 2022 ನೆನಪಿದ್ದವರಿಗೆ ಬೇರೆ ಸಾಕ್ಷಿ ಬೇಡ. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕಕ್ಕೆ ಇನ್ಫೋಸಿಸ್ ಸರಾಸರಿ ಸುಮಾರು ಶೇ. 70ರಷ್ಟು ವೇರಿಯಬಲ್ ಕೊಡುತ್ತದೆ ಎಂದೂ, ವಿಪ್ರೊ ಮಧ್ಯಮ ಮತ್ತು ಮೇಲಿನ ಹಂತದವರಿಗೆ ತಡೆಹಿಡಿದಿದೆ ಎಂದೂ ಆಗಸ್ಟ್‌ನಲ್ಲಿ ಪತ್ರಿಕೆಗಳು ಬರೆದಿದ್ದವು.

3. ವೇರಿಯಬಲ್ ಪೇ ತನ್ನ ಮಾರ್ಜಿನ್ ಅನ್ನು ತಾನೇ ತಿನ್ನುತ್ತದೆ

ಇದು ನನ್ನ ಅತಿ ನಾಚಿಕೆಯ ಅಧ್ಯಾಯ, ಹಾಗಾಗಿ ಕೊಂಚ ಬಿಡಿಸಿ ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ಫೈನಾನ್ಸಿನವರು ಮಾರ್ಜಿನ್ ಕಳಿಸಿದರು, ನಾನು ಅದಕ್ಕೆ ತಕ್ಕ ಗುಣಕ ತೆಗೆದು ಒಟ್ಟು ಮೊತ್ತ ವಾಪಸ್ ಕಳಿಸಿದೆ. ಮಾರನೇ ದಿನ ಅವರಿಂದ ಬೇರೆ ಮಾರ್ಜಿನ್ ಬಂತು. ಗುಣಕ ಬದಲಾಯಿತು, ಮೊತ್ತ ಬದಲಾಯಿತು. ಮತ್ತೆ ಬೇರೆ ಮಾರ್ಜಿನ್. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ನಾನು, ನನಗೆ ಬರುವುದಿಲ್ಲ ಎಂದು ಅವರು, ಹೀಗೆ ವಾರ ಕಳೆಯಿತು.

ನಡೆದದ್ದು ಇಷ್ಟು. ವೇರಿಯಬಲ್ ಪೇ ಕೂಡ ಕಂಪನಿಗೆ ಖರ್ಚೇ. ಆ ವರ್ಷದ ಪುಸ್ತಕದಲ್ಲೇ ಅದಕ್ಕೆ ದುಡ್ಡು ತೆಗೆದಿಡಬೇಕು, ಅಂದರೆ ಪ್ರಾವಿಷನ್ ಮಾಡಬೇಕು. ಪ್ರಾವಿಷನ್ ಜಾಸ್ತಿಯಾದರೆ ಮಾರ್ಜಿನ್ ಇಳಿಯುತ್ತದೆ, ಮಾರ್ಜಿನ್ ಇಳಿದರೆ ಗುಣಕ ಇಳಿಯುತ್ತದೆ, ಗುಣಕ ಇಳಿದರೆ ಪ್ರಾವಿಷನ್ ಕಮ್ಮಿ ಸಾಕು, ಆಗ ಮಾರ್ಜಿನ್ ಏರುತ್ತದೆ.

ನಮ್ಮ ಉದಾಹರಣೆಗೇ ಬರೋಣ. ವೇರಿಯಬಲ್ ಕಳೆಯುವ ಮುಂಚೆ ಲಾಭ 186.6 ಕೋಟಿ ಎಂದಿಟ್ಟುಕೊಳ್ಳಿ. ಎಲ್ಲರಿಗೂ ಪೂರ್ತಿ ಟಾರ್ಗೆಟ್ ಕೊಡಲು 30 ಕೋಟಿ ಬೇಕು. ಫೈನಾನ್ಸ್ ಮೊದಲು ಪೂರ್ತಿ 30 ಕೋಟಿ ತೆಗೆದಿಟ್ಟು ಮಾರ್ಜಿನ್ ನೋಡಿದರೆ ಅದು ಸುಮಾರು ಶೇ. 16.3. ಅದರ ಮೇಲೆ ಕಂಪನಿಯ ಗುಣಕ ತೆಗೆದರೆ 0.71. ಸರಿ ಎಂದು 30 ಕೋಟಿಯ ಬದಲು 21.3 ಕೋಟಿ ತೆಗೆದಿಟ್ಟರೆ ಮಾರ್ಜಿನ್ ಶೇ. 17.2ಕ್ಕೆ ಜಿಗಿದು ಗುಣಕ 0.80 ಆಗುತ್ತದೆ. ಮತ್ತೆ ಲೆಕ್ಕ ಹಾಕಿದರೆ 0.77. ಹೀಗೆ ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗುತ್ತಾ 0.78ರಲ್ಲಿ ನಿಲ್ಲುತ್ತದೆ. ಅಲ್ಲಿ ಪ್ರಾವಿಷನ್ 23.4 ಕೋಟಿ, ಉಳಿದ ಲಾಭ 163.2 ಕೋಟಿ, ಅದು 960 ಕೋಟಿಯ ಶೇ. 17. ಎರಡೂ ಕಡೆ ಒಂದಕ್ಕೊಂದು ಒಪ್ಪುವ ಜಾಗ ಅದೊಂದೇ.

ಎಕ್ಸೆಲ್‌ನಲ್ಲಿ ಈ ಸೂತ್ರವನ್ನು ನೇರವಾಗಿ ಹಾಕಿದರೆ ಸರ್ಕ್ಯುಲರ್ ರೆಫರೆನ್ಸ್ ಎಂಬ ಎಚ್ಚರಿಕೆ ಬರುತ್ತದೆ. ನನಗೂ ಬಂದಿತ್ತು. ನಾನು ಆ ಪೆಟ್ಟಿಗೆಯನ್ನು ಮುಚ್ಚಿ, ಮಾರ್ಜಿನ್ ಅಂಕಿಯನ್ನು ಕೈಯಾರೆ ಟೈಪ್ ಮಾಡಿ ಮುಂದೆ ಹೋಗಿದ್ದೆ! ಈಗ ನಾವು ಸುಲಭದ ದಾರಿ ಹಿಡಿದಿದ್ದೇವೆ: ಟಾರ್ಗೆಟನ್ನೂ ಫಲಿತಾಂಶವನ್ನೂ ವೇರಿಯಬಲ್ ಕಳೆಯುವ ಮುಂಚಿನ ಮಾರ್ಜಿನ್ ಮೇಲೆಯೇ ಇಡುವುದು. ಆಗ ಸುತ್ತು ಇಲ್ಲ. ಆದರೆ ಟಾರ್ಗೆಟ್ ಒಂದು ರೀತಿ, ಫಲಿತಾಂಶ ಇನ್ನೊಂದು ರೀತಿ ಆಗಬಾರದು. ಟಾರ್ಗೆಟ್ ಇಟ್ಟ ಏಪ್ರಿಲ್‌ನ ಮೇಲ್ ಹುಡುಕಿ ಅದರಲ್ಲಿ ‘ಮುಂಚೆ’ ಎಂದಿದೆಯೋ ‘ನಂತರ’ ಎಂದಿದೆಯೋ ನೋಡದೆ ನಾನೀಗ ಶೀಟ್ ತೆರೆಯುವುದಿಲ್ಲ.

4. ಎಲ್ಲ ತಂಡವೂ ಗೆದ್ದು ಕಂಪನಿ ಸೋತಿದ್ದರೆ ಟಾರ್ಗೆಟ್ ನೋಡಬೇಕು

ತಂಡದ ಗುಣಕ ತೆಗೆಯುವ ರೀತಿ ಕಂಪನಿಯದರಂತೆಯೇ. ನಮ್ಮ ಇಂಜಿನಿಯರ್‌ನ ತಂಡ ಒಂದು ಬ್ಯಾಂಕಿನ ಕೆಲಸ ಮಾಡುತ್ತದೆ. ಅದರ ಅಳತೆಗಳು: ಆ ಬ್ಯಾಂಕಿನಿಂದ ಬಂದ ಆದಾಯ, ಬಿಲ್ ಆಗುವ ಕೆಲಸದಲ್ಲಿರುವ ಜನರ ಪ್ರಮಾಣ, ಗ್ರಾಹಕರ ಸಮೀಕ್ಷೆಯ ಅಂಕ. ಒಟ್ಟಿಗೆ ತಂಡಕ್ಕೆ 1.10 ಬಂತು ಎಂದಿಟ್ಟುಕೊಳ್ಳೋಣ.

ಒಂದು ವರ್ಷ ನನ್ನ ಮುಂದಿದ್ದ ಪಟ್ಟಿಯಲ್ಲಿ ಒಂದೆರಡು ಬಿಟ್ಟರೆ ಎಲ್ಲ ತಂಡವೂ 1ರ ಮೇಲೆಯೇ ಇದ್ದವು, ಕಂಪನಿ ಮಾತ್ರ ಕೆಳಗೆ. ನಾನು ಅದನ್ನು ಅನುಮಾನಿಸದೆ ಮುಂದೆ ಸಾಗಿಸಿದೆ. ಸಿಎಫ್‌ಒ ಕರೆದು, ‘ಎಲ್ಲರ ಮಕ್ಕಳೂ ಫಸ್ಟ್ ಕ್ಲಾಸು, ಸ್ಕೂಲ್ ಮಾತ್ರ ಫೇಲು. ಹೆಂಗಮ್ಮಾ?’ ಅಂದರು. ಉತ್ತರ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು: ತಂಡಗಳ ಆದಾಯದ ಟಾರ್ಗೆಟ್‌ಗಳನ್ನೆಲ್ಲ ಕೂಡಿದರೆ ಕಂಪನಿಯ ಟಾರ್ಗೆಟ್‌ಗಿಂತ ಕಮ್ಮಿ ಇತ್ತು. ವರ್ಷದ ನಡುವೆ ‘ಗ್ರಾಹಕರೇ ಬಜೆಟ್ ಕಡಿತ ಮಾಡಿದ್ದಾರೆ’ ಎಂದು ಒಬ್ಬೊಬ್ಬರೇ ಬಂದು ತಮ್ಮ ಟಾರ್ಗೆಟ್ ಇಳಿಸಿಕೊಂಡಿದ್ದರು. ಕಂಪನಿಯದನ್ನು ಯಾರೂ ಇಳಿಸಿರಲಿಲ್ಲ. ಇಳಿಸಿದ್ದರ ಕಾರಣ ಪ್ರತಿ ಬಾರಿಯೂ ನ್ಯಾಯವಾಗಿಯೇ ಕಾಣುತ್ತಿತ್ತು, ಒಪ್ಪಿಗೆಯ ಮೇಲ್‌ಗಳಲ್ಲಿ ನನ್ನ ಹೆಸರೂ ಇತ್ತು.

ಈಗ ಅಕ್ಟೋಬರ್ ಆದ ಮೇಲೆ ತಂಡದ ಟಾರ್ಗೆಟ್ ತಿದ್ದಬೇಕಾದರೆ ಅದೇ ಮೊತ್ತ ಇನ್ನೊಂದು ತಂಡಕ್ಕೆ ಏರಬೇಕು, ಇಲ್ಲವೇ ಸಿಎಫ್‌ಒ ಸಹಿ ಬೇಕು. ವರ್ಷದ ಕೊನೆಗೆ ತಂಡಗಳ ಗುಣಕವನ್ನು ಅವುಗಳ ಟಾರ್ಗೆಟ್ ಮೊತ್ತದ ತೂಕ ಹಾಕಿ ಸರಾಸರಿ ತೆಗೆಯುತ್ತೇವೆ. ಅದು 1ರ ಆಸುಪಾಸಿನಲ್ಲಿರಬೇಕು. 1.15 ಬಂದರೆ ಎಲ್ಲೋ ಯಾರೋ ಮೆತ್ತಗಿನ ಟಾರ್ಗೆಟ್ ಇಟ್ಟುಕೊಂಡಿದ್ದಾರೆ ಎಂದು ಲೆಕ್ಕ.

5. ಗುಣಿಸುವುದೋ ಕೂಡಿಸುವುದೋ: ಬಡಪಾಯಿಗೆ ಅಲ್ಲೇ ಪೆಟ್ಟು

ನಮ್ಮ ಇಂಜಿನಿಯರ್‌ಗೆ ಬಂದ ರೇಟಿಂಗ್ ‘ನಿರೀಕ್ಷೆಗಿಂತ ಉತ್ತಮ’. ಅದರ ಗುಣಕ 1.2. ಮೇಲಿನದ್ದು 1.5, ‘ನಿರೀಕ್ಷೆಯಂತೆ’ ಎಂಬುದಕ್ಕೆ 1.0, ‘ಸುಧಾರಿಸಬೇಕು’ ಎಂಬುದಕ್ಕೆ 0.5, ಅದಕ್ಕಿಂತ ಕೆಳಗೆ ಸೊನ್ನೆ. ಮೂರನ್ನೂ ಗುಣಿಸುವ ಕಂಪನಿಯಲ್ಲಿ ಅವನ ಲೆಕ್ಕ ಹೀಗೆ:

```
=300000*0.78*1.10*1.2
```

ಉತ್ತರ 3,08,880. ಕಂಪನಿ ಸೋತಿದ್ದರೂ ತಂಡ ಮತ್ತು ರೇಟಿಂಗ್ ಎತ್ತಿ ಹಿಡಿದಿವೆ. ಇನ್ನೊಂದು ಬಗೆಯಲ್ಲಿ ಕಂಪನಿಗೆ ಶೇ. 40, ತಂಡಕ್ಕೆ ಶೇ. 30, ರೇಟಿಂಗ್‌ಗೆ ಶೇ. 30 ತೂಕ ಕೊಟ್ಟು ಕೂಡಿಸುತ್ತಾರೆ. ಆಗ ಅವನಿಗೆ 3,00,600. ಹೆಚ್ಚುಕಡಿಮೆ ಒಂದೇ ಅಲ್ಲವೇ? ಹೊಸ ಪಾಲಿಸಿ ಬರೆಯುವಾಗ ನಾನೂ ಹಾಗೇ ಅಂದಿದ್ದೆ. ಮ್ಯಾನೇಜ್‌ಮೆಂಟ್‌ಗೆ ತೋರಿಸಿದ ಸ್ಲೈಡ್‌ನಲ್ಲಿ ಇಂಥದೇ ಒಬ್ಬನ ಉದಾಹರಣೆ ಹಾಕಿ, ‘ದೊಡ್ಡ ಬದಲಾವಣೆ ಏನಿಲ್ಲ’ ಎಂದು ಕೂಡಿಸುವುದರಿಂದ ಗುಣಿಸುವುದಕ್ಕೆ ಬದಲಾಯಿಸಲು ಒಪ್ಪಿಸಿದೆ.

ಜೂನ್‌ನಲ್ಲಿ ಗೊತ್ತಾಯಿತು. ಇದೇ ತಂಡದಲ್ಲಿ ಇಷ್ಟೇ ಟಾರ್ಗೆಟ್ ಇದ್ದು 0.5 ರೇಟಿಂಗ್ ಬಂದವರಿಗೆ ಕೂಡಿಸಿದರೆ 2,37,600 ಸಿಗುತ್ತಿತ್ತು. ಗುಣಿಸಿದರೆ ಸಿಗುವುದು 1,28,700. ಸೊನ್ನೆ ರೇಟಿಂಗ್‌ನವರಿಗೆ ಕೂಡಿಸಿದಾಗ 1,92,600, ಗುಣಿಸಿದಾಗ ಏನೂ ಇಲ್ಲ. ಅದೇ ಕಂಪನಿ 1.3, ತಂಡ 1.2, ರೇಟಿಂಗ್ 1.5 ಬಂದ ಸುಗ್ಗಿಯ ವರ್ಷದಲ್ಲಿ ಕೂಡಿಸಿದರೆ ಟಾರ್ಗೆಟ್‌ನ 1.33 ಪಟ್ಟು, ಗುಣಿಸಿದರೆ 2.34 ಪಟ್ಟು. ನಡುವಿನವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಅಂಚಿನಲ್ಲಿರುವವರಿಗೆ ಆಕಾಶ-ಭೂಮಿ. ನಾನು ಅಂಚನ್ನು ನೋಡಿರಲೇ ಇಲ್ಲ.

ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಒಲವು ಮೇಲಿನ ಹುದ್ದೆಯವರಿಗೆ ಗುಣಿಸುವುದು, ಕಿರಿಯರಿಗೆ ಕೂಡಿಸುವುದು. ಎರಡು ವರ್ಷದ ಅನುಭವದ ಹುಡುಗಿ ಕಂಪನಿಯ ಮಾರ್ಜಿನ್ ಅನ್ನು ಏನು ತಾನೇ ಮಾಡಬಲ್ಲಳು? ನಮ್ಮಲ್ಲಿ ಈ ಸಲಹೆ ಇನ್ನೂ ಪಾಸಾಗಿಲ್ಲ. ಗುಣಿಸುವ ಪದ್ಧತಿಗೆ 2 ಪಟ್ಟಿನ ಮೇಲ್ಮಿತಿ ಹಾಕಿಸಿದ್ದಷ್ಟೇ ಇದುವರೆಗಿನ ಸಾಧನೆ.

6. ಹಂಡೆಯಲ್ಲಿ ಇರುವಷ್ಟೇ ಬಡಿಸುವುದು

ಮೇಲೆ 3,08,880 ಎಂದು ಬಂತಲ್ಲ, ಅದು ನಮ್ಮ ಇಂಜಿನಿಯರ್‌ಗೆ ಸಿಗುವುದಿಲ್ಲ. ಪತ್ರ ಹಿಡಿದು ಬರುವವರಲ್ಲಿ ಬಹುಪಾಲು ಜನ ಸಿಕ್ಕಿಕೊಳ್ಳುವುದು ಇಲ್ಲಿಯೇ, ಯಾಕೆಂದರೆ ಈ ಹೆಜ್ಜೆಯನ್ನು ಹೆಚ್ಚಿನ ಪತ್ರಗಳು ತೋರಿಸುವುದಿಲ್ಲ.

ತಂಡದಲ್ಲಿ ಹತ್ತು ಜನ, ಎಲ್ಲರ ಟಾರ್ಗೆಟ್ 3 ಲಕ್ಷ ಎಂದುಕೊಳ್ಳಿ. ಒಟ್ಟು 30 ಲಕ್ಷ. ಕಂಪನಿಯ 0.78, ತಂಡದ 1.10 ಹಾಕಿದರೆ 25,74,000. ಇದೇ ಆ ತಂಡದ ಪೂಲ್. ಫೈನಾನ್ಸ್ ಕೊಡುವುದು ಇಷ್ಟೇ, ಒಂದು ರೂಪಾಯಿ ಜಾಸ್ತಿ ಇಲ್ಲ. ರೇಟಿಂಗ್‌ಗೆ ಪೂಲ್ ದೊಡ್ಡದು ಮಾಡುವ ಶಕ್ತಿ ಇಲ್ಲ, ಅದು ಇದ್ದದ್ದನ್ನು ಹಂಚುತ್ತದೆ ಅಷ್ಟೇ. ಮ್ಯಾನೇಜರ್ ಇಬ್ಬರಿಗೆ 1.5, ಮೂವರಿಗೆ 1.2, ನಾಲ್ವರಿಗೆ 1.0, ಒಬ್ಬರಿಗೆ 0.5 ಕೊಟ್ಟಿದ್ದಾರೆ. ಕೂಡಿದರೆ 11.1. ಹತ್ತು ಜನರ ದುಡ್ಡಿನಲ್ಲಿ 11.1 ಜನಕ್ಕೆ ಬಡಿಸಬೇಕು. ಬೇಕಾಗುವುದು 28,57,140, ಕೊರತೆ 2,83,140. ಹಾಗಾಗಿ ಎಲ್ಲರ ಮೊತ್ತವನ್ನೂ 1.11ರಿಂದ ಭಾಗಿಸುತ್ತೇವೆ. ನಮ್ಮ ಇಂಜಿನಿಯರ್‌ಗೆ 2,78,270. ‘ನಿರೀಕ್ಷೆಯಂತೆ’ ಕೆಲಸ ಮಾಡಿದವರಿಗೆ 2,57,400ರ ಬದಲು 2,31,892. ಅವರ ತಪ್ಪು ಏನೂ ಇಲ್ಲ, ಪಕ್ಕದ ಎಲೆಗೆ ಎರಡು ಸೌಟು ಜಾಸ್ತಿ ಬಿತ್ತು.

ಅಪ್ರೈಸಲ್‌ನಲ್ಲಿ ಬೆಲ್ ಕರ್ವ್ ಎಂದು ಜನ ಬೈಯುವುದು ಇದೇ ಕಾರಣಕ್ಕೆ ಹುಟ್ಟಿದ ವ್ಯವಸ್ಥೆಯನ್ನು. ಮೇಲಿನ ರೇಟಿಂಗ್‌ಗೆ ಇಷ್ಟೇ ಶೇಕಡಾ ಜನ ಎಂದು ಕಟ್ಟಿಹಾಕಿದರೆ ಸರಾಸರಿ 1.0ರ ಹತ್ತಿರ ನಿಲ್ಲುತ್ತದೆ, ಆಮೇಲೆ ಭಾಗಿಸುವ ಮುಜುಗರ ಇರುವುದಿಲ್ಲ. ಕಟ್ಟದೇ ಬಿಟ್ಟರೆ ಮ್ಯಾನೇಜರ್‌ಗಳು ಧಾರಾಳಿಗಳಾಗುತ್ತಾರೆ, ಧಾರಾಳತನದ ಬೆಲೆಯನ್ನು ನಡುವಿನವರು ತೆರುತ್ತಾರೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂಬ ಬಗ್ಗೆ ನನ್ನ ಅಭಿಪ್ರಾಯ ಪ್ರತಿ ಜೂನ್‌ಗೂ ಬದಲಾಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪು ತಲೆ ಎಣಿಸಿದ್ದು. ಇಷ್ಟು ಜನಕ್ಕೆ 1.5, ಇಷ್ಟು ಜನಕ್ಕೆ 1.2 ಎಂಬ ಮಿತಿಯೊಳಗೇ ಎಲ್ಲರೂ ರೇಟಿಂಗ್ ಕೊಟ್ಟಿದ್ದರು, ಶೀಟ್ ಹಸಿರು ಬಣ್ಣ ತೋರಿಸುತ್ತಿತ್ತು. ಆದರೂ ಪೂಲ್ ಸಾಲಲಿಲ್ಲ. ಕಾರಣ, ಮೇಲಿನ ರೇಟಿಂಗ್ ಬಂದವರಲ್ಲಿ ಹೆಚ್ಚಿನವರು ದೊಡ್ಡ ಸಂಬಳದ ಸೀನಿಯರ್‌ಗಳು. ಇದೇ ಹತ್ತು ಜನರಲ್ಲಿ 1.5 ಬಂದ ಇಬ್ಬರ ಟಾರ್ಗೆಟ್ ಮಾತ್ರ 6 ಲಕ್ಷ ಆಗಿದ್ದರೆ ಭಾಜಕ 1.11ರಿಂದ 1.175ಕ್ಕೆ ಏರುತ್ತದೆ. ಪೂಲ್ ಕೂಡ ದೊಡ್ಡದಾಗುತ್ತದೆ, ನಿಜ, ಆದರೆ ಅವರು ಎಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು. ನಮ್ಮ ಇಂಜಿನಿಯರ್‌ನ ಕೈಗೆ ಬರುವುದು 2,62,877. ಅವನ ರೇಟಿಂಗ್, ತಂಡ, ಕಂಪನಿ ಯಾವುದೂ ಬದಲಾಗಿಲ್ಲ, 15,000 ಚಿಲ್ಲರೆ ಹೋಯಿತು. ಆ ವರ್ಷ ಪತ್ರ ಹಂಚಲು ಎರಡು ದಿನವಿದ್ದಾಗ ಇದು ಹೊರಬಿತ್ತು. ಮ್ಯಾನೇಜರ್‌ಗಳು ಆಗಲೇ ತಮ್ಮ ಜನಕ್ಕೆ ಬಾಯಿಮಾತಲ್ಲಿ ಮೊತ್ತ ಹೇಳಿಬಿಟ್ಟಿದ್ದರು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಈಗ ರೇಟಿಂಗ್ ಸಭೆಯಲ್ಲೇ ಪರದೆಯ ಮೇಲೆ ದುಡ್ಡಿನ ತೂಕದ ಸರಾಸರಿಯನ್ನು ತೋರಿಸುತ್ತೇವೆ. ಒಬ್ಬರ ರೇಟಿಂಗ್ ಏರಿಸಿದ ಕೂಡಲೇ ಉಳಿದವರದ್ದು ಎಷ್ಟು ಇಳಿಯಿತು ಎಂಬುದು ಮ್ಯಾನೇಜರ್ ಕಣ್ಣೆದುರೇ ಕಾಣುತ್ತದೆ.

ಪತ್ರದಲ್ಲೂ ಭಾಜಕದ ಸಾಲನ್ನು ಸೇರಿಸಿದೆವು. ‘ಇದನ್ನು ತೋರಿಸಿದರೆ ಜನ ರೇಗುತ್ತಾರೆ’ ಎಂದು ವಿರೋಧ ಇತ್ತು. ರೇಗಿದರು. ಆದರೆ ಅದಕ್ಕೆ ಮುಂಚೆ ಲೆಕ್ಕ ತಾಳೆಯಾಗದೆ ಬಂದು, ನಾವು ದುಡ್ಡು ಹೊಡೆದಿದ್ದೇವೆ ಎಂಬಂತೆ ನೋಡುತ್ತಿದ್ದರು. ರೇಗುವುದೇ ವಾಸಿ.

7. ರಜೆಯಲ್ಲಿದ್ದವರನ್ನು ಸಿಸ್ಟಮ್ ಕೈಗೆ ಬಿಡಬಾರದು

ವರ್ಷದ ನಡುವೆ ಸೇರಿದವರ ಲೆಕ್ಕ ಸುಲಭ. ಜುಲೈ 1ಕ್ಕೆ ಸೇರಿದ್ದರೆ ಮಾರ್ಚ್ 31ರವರೆಗೆ 274 ದಿನ, 365ರಿಂದ ಭಾಗಿಸಿದರೆ ಮುಕ್ಕಾಲು ಪಾಲು. ಬಿಟ್ಟುಹೋದವರದ್ದು ಸುಲಭವಲ್ಲ. ಹಲವು ಕಂಪನಿಗಳಲ್ಲಿ ದುಡ್ಡು ಬೀಳುವ ದಿನ ನೌಕರರ ಪಟ್ಟಿಯಲ್ಲಿ ಇರಲೇಬೇಕು ಎಂಬ ಷರತ್ತಿದೆ, ಕೆಲವು ಕಡೆ ನೋಟಿಸ್ ಪೀರಿಯಡ್‌ನಲ್ಲಿ ಇರುವವರಿಗೂ ಇಲ್ಲ. ಮಾರ್ಚ್‌ವರೆಗೆ ದುಡಿದು ಮೇ ತಿಂಗಳಲ್ಲಿ ಹೊರಟವರಿಗೆ ಇದು ತಿಳಿಯುವುದು ಹೊರಟ ಮೇಲೆ. ರಾಜೀನಾಮೆ ಬರೆಯುವ ಮುಂಚೆ ಈ ಒಂದು ಸಾಲು ಓದಿ ಎಂದು ಸ್ನೇಹಿತರಿಗೆಲ್ಲ ಹೇಳುತ್ತೇನೆ, ಎಚ್‌ಆರ್‌ನಲ್ಲಿ ಇದ್ದುಕೊಂಡು ಹೇಳಬಾರದೇನೋ.

ನನ್ನನ್ನು ಈಗಲೂ ಚುಚ್ಚುವುದು ಒಬ್ಬಳ ಹೆರಿಗೆ ರಜೆಯ ಪ್ರಸಂಗ. ಕಾನೂನಿನಂತೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ, ವರ್ಷದ ಅರ್ಧ. ನಮ್ಮ ಸಿಸ್ಟಮ್ ದಿನಗಳನ್ನು ಕಡಿತ ಮಾಡಿರಲಿಲ್ಲ, ಅದು ಸರಿಯಾಗಿತ್ತು. ಆದರೆ ಎರಡನೆಯ ಅರ್ಧದ ಗುರಿಗಳನ್ನು ಮ್ಯಾನೇಜರ್ ತುಂಬಿಲ್ಲದ ಕಾರಣ ಅದನ್ನು ‘ಮುಗಿಸಿಲ್ಲ’ ಎಂದು ಓದಿಕೊಂಡು ಆಕೆಯ ರೇಟಿಂಗ್ 0.5ಕ್ಕೆ ಇಳಿಸಿತ್ತು. ಹಿಂದಿನ ವರ್ಷ ಆಕೆಯದು 1.5. ಸಾವಿರಾರು ಸಾಲುಗಳ ಶೀಟಿನಲ್ಲಿ ಅದು ನನ್ನ ಕಣ್ಣು ತಪ್ಪಿತು. ಆಕೆ ಫೋನ್ ಮಾಡಿ ಮೆತ್ತಗೆ, ‘ಮೇಡಂ, ರಜೆ ಹಾಕಿದ್ದಕ್ಕೆ ಹೀಗಾ?’ ಅಂದಳು. ವ್ಯತ್ಯಾಸದ ಮೊತ್ತ ಮುಂದಿನ ತಿಂಗಳ ಸಂಬಳದಲ್ಲಿ ಕೊಟ್ಟೆವು, ಕ್ಷಮೆ ಕೇಳಿದೆ. ಈಗ 60 ದಿನಕ್ಕಿಂತ ಹೆಚ್ಚು ರಜೆಯಲ್ಲಿದ್ದವರ ಪಟ್ಟಿಯನ್ನು ಬೇರೆ ತೆಗೆದು ಒಂದೊಂದು ಹೆಸರನ್ನೂ ಕೈಯಾರೆ ನೋಡುತ್ತೇನೆ. ಕೆಲಸ ಮಾಡಿದ ಅವಧಿಯ ರೇಟಿಂಗ್ ಮಾತ್ರ ಇಡೀ ವರ್ಷಕ್ಕೆ ಲಾಗೂ, ಅದೂ ಸಿಗದಿದ್ದರೆ ಹಿಂದಿನ ವರ್ಷದ್ದು.

8. ಬ್ಯಾಂಕಿಗೆ ಬೀಳುವ ಮೊತ್ತವನ್ನು ಮೊದಲೇ ಹೇಳಿಬಿಡಬೇಕು

2024–25ರ ಕೆಲಸಕ್ಕೆ 2025ರ ಜೂನ್‌ನಲ್ಲಿ ಸಿಕ್ಕ ವೇರಿಯಬಲ್ 2025–26ರ ಆದಾಯಕ್ಕೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 16 ಲಕ್ಷದಿಂದ 20 ಲಕ್ಷದವರೆಗಿನ ಭಾಗಕ್ಕೆ ಶೇ. 20, ಅದರ ಮೇಲೆ ಶೇ. 4 ಸೆಸ್. ನಮ್ಮ ಇಂಜಿನಿಯರ್‌ನ ತೆರಿಗೆಗೆ ಒಳಪಡುವ ಆದಾಯ ಇದಿಲ್ಲದೆಯೇ 16 ಲಕ್ಷ ಮುಟ್ಟಿದ್ದರೆ, ಈ 2,78,270 ಪೂರ್ತಿ ಆ ಪಟ್ಟಿಯಲ್ಲೇ ಬೀಳುತ್ತದೆ. ತೆರಿಗೆ 57,880, ಕೈಗೆ 2,20,390. ಪೇರೋಲ್‌ನವರು ಈ ತೆರಿಗೆಯನ್ನು ಅದೇ ತಿಂಗಳು ಪೂರ್ತಿ ಹಿಡಿಯಬಹುದು, ಇಲ್ಲವೇ ಮಾರ್ಚ್‌ವರೆಗಿನ ಸಂಬಳಗಳಿಗೆ ಹಂಚಬಹುದು. ವರ್ಷದ ಒಟ್ಟು ತೆರಿಗೆ ಎರಡರಲ್ಲೂ ಒಂದೇ.

ಹಿಂದೊಂದು ಸಲ ಜನಕ್ಕೆ ಖುಷಿಯಾಗಲಿ ಎಂದು ಹಂಚಲು ಹೇಳಿದ್ದೆ. ಜೂನ್‌ನಲ್ಲಿ ಎಲ್ಲರಿಗೂ ಸಂತೋಷ, ಜುಲೈನಿಂದ ಒಂಬತ್ತು ತಿಂಗಳು ‘ನನ್ನ ಸಂಬಳ ಯಾಕೆ ಕಮ್ಮಿ ಬಂತು’ ಎಂಬ ಪ್ರಶ್ನೆ. ಈಗ ಜೂನ್‌ನಲ್ಲೇ ಪೂರ್ತಿ ಹಿಡಿಯುತ್ತೇವೆ. ಪತ್ರದ ಕೆಳಗೆ ಅಂದಾಜು ತೆರಿಗೆಯ ಸಾಲು ಹಾಕುತ್ತೇವೆ, ಆದರೂ ಸಂಬಳದ ದಿನ ಬೆಳಗ್ಗೆ ಫೋನ್ ಬಡಿದುಕೊಳ್ಳುವುದು ನಿಂತಿಲ್ಲ.